ಟೈಲ್ಸ್ ಹಿಂದೆ ನಿಂತ ನೀರು

ಮೈಸೂರಿನಲ್ಲಿ ಹತ್ತು ವರ್ಷ ಹಳೆಯದಾದ ಒಂದು ಮನೆ. ಮಲಗುವ ಕೋಣೆಗೂ ಬಚ್ಚಲುಮನೆಗೂ ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಕೋಣೆಯ ಕಡೆ ನೆಲದಿಂದ ಎರಡೂವರೆ ಅಡಿಯವರೆಗೆ ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು, ಗಿಲಾವಿನ ಮೇಲೆ ಬಿಳಿ ಉಪ್ಪು ಎದ್ದಿತ್ತು. ಬಚ್ಚಲಿನ ಕಡೆ ಅದೇ ಗೋಡೆಗೆ ಷವರ್. ಎದೆಮಟ್ಟದಲ್ಲಿ ಟೈಲ್ಸ್ ಸಂದುಗಳ ಗ್ರೌಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮನೆಯ ಯಜಮಾನರಾದ ನಿವೃತ್ತ ಮೇಷ್ಟ್ರು ಅದಾಗಲೇ ಎರಡು ಸಲ ಹಳೆಯ ಸಂದು ಕೆರೆಸಿ ಹೊಸದಾಗಿ ಬಿಳಿ ಸಿಮೆಂಟ್ ತುಂಬಿಸಿದ್ದರು, ಕೋಣೆಯ ಕಡೆ ತೇವ ತಡೆಯುವ ಬಣ್ಣವನ್ನೂ ಬಳಿಸಿದ್ದರು. ತೇವ ಕಡಿಮೆಯಾಗಲಿಲ್ಲ, ಬಣ್ಣ ಬಳಿದ ಜಾಗದಿಂದ ಇನ್ನೂ ಮೇಲಕ್ಕೆ ಏರಿತು.

ನಾನು ಟೈಲ್ಸ್ ಮತ್ತು ವಾಟರ್‌ಪ್ರೂಫಿಂಗ್ ದುರಸ್ತಿಯ ಕೆಲಸ ಮಾಡುತ್ತೇನೆ. ಗೋಡೆ ತೋರಿಸಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಟೈಲ್ಸ್ ಒಡೆಯಲೇಬೇಕೇ?" ಎಂದು. ಒಡೆಯುವ ಮುನ್ನ ನೀರು ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳದಿದ್ದರೆ ಒಡೆದೂ ಪ್ರಯೋಜನವಿಲ್ಲ. ಗೋಡೆಯೊಳಗಿನ ಪೈಪು ಸೋರುತ್ತಿರಬಹುದು, ನೆಲದಿಂದ ನೀರು ಬರುತ್ತಿರಬಹುದು, ಸ್ನಾನ ಮಾಡುವಾಗ ಗೋಡೆಗೆ ಬಿದ್ದ ನೀರು ಒಳಗಿಳಿಯುತ್ತಿರಬಹುದು. ಕೋಣೆಯ ಕಡೆ ಮೂರರ ಕಲೆಯೂ ಒಂದೇ ತರಹ ಕಾಣುತ್ತದೆ.

ಮೊದಲು ಆ ಬಚ್ಚಲನ್ನು ಕೆಲವು ದಿನ ಬಳಸಬೇಡಿ ಎಂದು ಕೇಳಿಕೊಂಡೆ. ಕೋಣೆಯ ಗೋಡೆಯಲ್ಲಿ ತೇವದ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ಪಕ್ಕದಲ್ಲಿ ತಾರೀಖು ಬರೆದೆ. ಅಂಚು ತುಸು ಹಿಂದೆ ಸರಿಯಿತು. ಅಂದರೆ ನೀರು ಸದಾ ಬರುತ್ತಿಲ್ಲ, ಬಳಕೆಯಾದಾಗ ಬರುತ್ತಿದೆ. ಹಾಗೆಂದು ಪೈಪಿನ ಮೇಲಿನ ಅನುಮಾನವನ್ನು ಬಿಡುವಂತಿಲ್ಲ. ನೀರನ್ನು ಷವರಿಗೋ ಕೆಳಗಿನ ನಲ್ಲಿಗೋ ತಿರುಗಿಸುವ ಡೈವರ್ಟರ್‌ನಿಂದ ಷವರಿನವರೆಗೆ ಮೇಲೇರುವ ಪೈಪಿನಲ್ಲಿ ನೀರು ಹರಿಯುವುದು ಷವರ್ ತಿರುಗಿಸಿದಾಗ ಮಾತ್ರ. ಉಳಿದ ಹೊತ್ತು ಆ ತುಂಡಿನ ಮೇಲೆ ಒತ್ತಡವೇ ಇರುವುದಿಲ್ಲ. ನಲ್ಲಿಗಳನ್ನೆಲ್ಲ ಮುಚ್ಚಿ ಒತ್ತಡ ಪರೀಕ್ಷೆ ಮಾಡಿದ ಪ್ಲಂಬರ್ "ಪೈಪು ಸರಿಯಿದೆ" ಎಂದು ಹೇಳಿಹೋಗುತ್ತಾರೆ, ಆದರೆ ಆ ತುಂಡು ಪರೀಕ್ಷೆಗೆ ಒಳಪಟ್ಟಿರುವುದೇ ಇಲ್ಲ. ಆದ್ದರಿಂದ ಷವರ್ ಕಳಚಿ ಅದರ ಬಾಯಿಗೆ ಪ್ಲಗ್ ಹಾಕಿದೆ, ಕೆಳಗಿನ ನಲ್ಲಿಗೂ ಪ್ಲಗ್ ಹಾಕಿ ಡೈವರ್ಟರನ್ನು ಷವರಿನ ಕಡೆಗೆ ತೆರೆದಿಟ್ಟೆ. ಗೀಸರಿನಿಂದ ಎರಡೂ ಮೆದುಪೈಪುಗಳನ್ನು ಬಿಚ್ಚಿ ಒಂದಕ್ಕೊಂದು ಜೋಡಿಸಿದೆ. ಹೀಗೆ ಮಾಡಿದರೆ ಬಿಸಿನೀರು, ತಣ್ಣೀರಿನ ಎರಡೂ ಪೈಪುಗಳು ಒಟ್ಟಿಗೆ ಪರೀಕ್ಷೆಯಾಗುತ್ತವೆ, ಗೀಸರಿನ ಮೇಲೆ ಒತ್ತಡವೂ ಬೀಳುವುದಿಲ್ಲ. ತೊಟ್ಟಿಯಿಂದ ಬರುವ ವಾಲ್ವ್ ಮುಚ್ಚಿ ಕೈಪಂಪಿನಿಂದ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ ಕೊಟ್ಟೆ. ಒಂದು ಗಂಟೆಯಾದರೂ ಒತ್ತಡ ತೋರಿಸುವ ಮುಳ್ಳು ಕದಲಲಿಲ್ಲ.

ಮುಂದಿನದು ನೆಲ. ನೀರು ಹೋಗುವ ಬಾಯಿಯನ್ನು ಬಟ್ಟೆ ಮತ್ತು ಪ್ಲಾಸ್ಟಿಕ್ಕಿನಿಂದ ಬಿಗಿದು, ಗೋಡೆಯ ಟೈಲ್ಸಿನ ಬುಡದ ಸಂದಿಗೆ ತಾಗದಷ್ಟು ತೆಳುವಾಗಿ ನೀರು ನಿಲ್ಲಿಸಿ ಎರಡು ದಿನ ಬಿಟ್ಟೆ. ತೇವ ಪೆನ್ಸಿಲ್ ಗೆರೆ ದಾಟಲಿಲ್ಲ. ನೆಲವೂ ಒಣಗಿದ ಮೇಲೆ ಬೇರೆ ನಲ್ಲಿಯಿಂದ ರಬ್ಬರ್ ಪೈಪು ತಂದು ಷವರಿನ ಗೋಡೆಗೆ ಮಾತ್ರ ಅರ್ಧ ಗಂಟೆ ನೀರು ಹಾಯಿಸಿದೆ. ಇಟ್ಟಿಗೆ ಗೋಡೆಯಲ್ಲಿ ಫಲಿತಾಂಶ ತಕ್ಷಣ ಕಾಣುವುದಿಲ್ಲ, ಮರುದಿನದವರೆಗೆ ಕಾಯಬೇಕು. ಮರುದಿನ ಬೆಳಿಗ್ಗೆ ಗೆರೆಯಿಂದ ನಾಲ್ಕು ಬೆರಳು ಮೇಲೆ ಗಿಲಾವು ಕಪ್ಪಾಗಿತ್ತು.

ಆಮೇಲಷ್ಟೇ ಟೈಲ್ಸ್ ತಟ್ಟಿ ನೋಡಿದ್ದು. ಉಳಿಯ ಮರದ ಹಿಡಿಯಿಂದ ಪ್ರತಿ ಟೈಲಿನ ನಾಲ್ಕು ಮೂಲೆ ಮತ್ತು ನಡುಭಾಗವನ್ನು ಮೆಲ್ಲಗೆ ತಟ್ಟಿ, ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತ ಹೋದೆ. ಷವರಿನ ಗೋಡೆಯಲ್ಲಿ ಮುಕ್ಕಾಲುಪಾಲು ಟೈಲ್ಸ್ ಪೊಳ್ಳು. ಎದುರು ಗೋಡೆಯಲ್ಲೂ ಹಲವು ಹಾಗೆಯೇ ಸದ್ದು ಮಾಡಿದವು. ಆದರೆ ಆ ಗೋಡೆಗೆ ನೀರು ಬೀಳುವುದಿಲ್ಲ, ಹಿಂಬದಿ ಒಣಗಿದೆ, ಟೈಲ್ಸ್ ಅಲುಗುವುದೂ ಇಲ್ಲ. ಪೊಳ್ಳು ಸದ್ದು ಎಂದರೆ ಟೈಲಿನ ಹಿಂದೆ ಖಾಲಿ ಜಾಗವಿದೆ ಎಂದಷ್ಟೇ ಅರ್ಥ. ಅದಕ್ಕೆ ನೀರು ಸೇರುವ ದಾರಿಯಿದ್ದರೆ ಅಥವಾ ಟೈಲ್ ಅಲುಗುತ್ತಿದ್ದರೆ ಮಾತ್ರ ತೊಂದರೆ. ಎದುರು ಗೋಡೆಯನ್ನು ಮುಟ್ಟುವುದು ಬೇಡವೆಂದೆ. ಮೇಷ್ಟ್ರಿಗೆ ಅನುಮಾನವಿತ್ತು. "ಒಮ್ಮೆಲೇ ಎಲ್ಲ ತೆಗೆದುಬಿಡಿ, ಮತ್ತೆ ಮತ್ತೆ ಧೂಳು ಬೇಡ" ಎಂದರು. ಬೇಡದ ಟೈಲ್ಸನ್ನು ತೆಗೆಯಲು ಹೋಗಿ ಒಣಗಿದ ಗೋಡೆಯ ಗಿಲಾವನ್ನು ಹಾಳು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವರೂ ಒಪ್ಪಿದರು.

ಉಳಿಸಬೇಕಾದ ಟೈಲ್ಸಿನ ಅಂಚಿನ ಸಂದನ್ನು ಗ್ರೈಂಡರಿನಿಂದ ಮೊದಲೇ ಕೊಯ್ದುಕೊಂಡೆ, ಹಾಗಾದರೆ ಸುತ್ತಿಗೆಯ ಪೆಟ್ಟು ಪಕ್ಕದ ಟೈಲಿಗೆ ಹರಿಯುವುದಿಲ್ಲ. ಬುಡದ ಸಾಲಿನ ಒಂದು ಟೈಲ್ ಎಬ್ಬಿಸಿದ ಕೂಡಲೇ ಹಿಂದಿನಿಂದ ಕಂದುಬಣ್ಣದ ನೀರು ಇಳಿಯಿತು. ಗೋಡೆಗೆ ನೀರು ಹಾಯಿಸಿ ಆಗಲೇ ಒಂದು ದಿನ ಕಳೆದಿತ್ತು, ಆದರೂ ವಾಸನೆ ಹಿಡಿದ ನೀರು ಅಲ್ಲೇ ನಿಂತಿತ್ತು.

ಟೈಲ್ಸನ್ನು ಐದು ಉಂಡೆ ಸಿಮೆಂಟ್ ಗಾರೆ ಇಟ್ಟು ಅಂಟಿಸಿದ್ದರು, ಮೂಲೆಗೊಂದು, ನಡುವೆ ಒಂದು. ಉಂಡೆಗಳ ನಡುವಿನ ಖಾಲಿ ಜಾಗ ಮೇಲಿನಿಂದ ಕೆಳಗಿನವರೆಗೂ ಒಂದಕ್ಕೊಂದು ಕೂಡಿಕೊಂಡು ಕಾಲುವೆಯೇ ಆಗಿತ್ತು. ಎದೆಮಟ್ಟದ ಬಿರುಕಿನಲ್ಲಿ ಹೊಕ್ಕ ನೀರು ಅಲ್ಲಿಂದ ಇಳಿದು, ನೆಲದ ಗಾರೆ ಅಡ್ಡ ಬಂದಲ್ಲಿ ನಿಂತು, ಇಟ್ಟಿಗೆಗೆ ಇಂಗಿ, ಆ ಕಡೆ ಮೇಲಕ್ಕೇರುತ್ತಿತ್ತು. ಬಿರುಕು ಎದೆಮಟ್ಟದಲ್ಲಿದ್ದರೂ ಕಲೆ ಬುಡದಲ್ಲಿ ಕಾಣುತ್ತಿದ್ದುದು ಇದರಿಂದ. ಹಿಂದೆ ಆಧಾರವಿಲ್ಲದ ಟೈಲ್ ಒತ್ತಿದಾಗ ಕಣ್ಣಿಗೆ ಕಾಣದಷ್ಟು ಅದುರುತ್ತದೆ. ಬಿಳಿ ಸಿಮೆಂಟ್ ಒಣಗುವಾಗಲೇ ಕುಗ್ಗುತ್ತದೆ, ಮೇಲೆ ಈ ಅದುರುವಿಕೆ ಸೇರಿದರೆ ಎಷ್ಟು ಸಲ ತುಂಬಿದರೂ ಬಿರಿಯುತ್ತದೆ. ಬಿರಿಯದೆ ಉಳಿದರೂ ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವ ವಸ್ತುವಲ್ಲ. ನೀರು ತಡೆಯಬೇಕಾದದ್ದು ಟೈಲಿನ ಹಿಂದಿನ ಪದರ.

ಆ ಪದರ ಅಲ್ಲಿ ಇತ್ತು, ಇದ್ದೂ ಇರಲಿಲ್ಲ. ನೆಲದಿಂದ ಒಂದು ಅಡಿಯವರೆಗೆ ಮಾತ್ರ ಬಳಿದಿದ್ದರು. ಷವರಿನ ನೀರು ಆರು ಅಡಿ ಎತ್ತರದಿಂದ ಗೋಡೆಗೆ ಬೀಳುವಾಗ ಒಂದು ಅಡಿ ಏನೂ ಸಾಲದು. ಆ ಒಂದು ಅಡಿಯ ಅಂಚಿಗೆ ಉಗುರು ಹಾಕಿ ಎಳೆದರೆ ಪದರ ಹಾಳೆಯಾಗಿ ಎದ್ದು ಬಂತು. ಹಿಂಬದಿಯಲ್ಲಿ ಬೂದುಬಣ್ಣದ ಹುಡಿ ಮೆತ್ತಿಕೊಂಡಿತ್ತು, ಅಂದರೆ ಧೂಳು ಒರೆಸದ ಗಿಲಾವಿನ ಮೇಲೆ ಬಳಿದಿದ್ದಾರೆ. ಇನ್ನೊಂದು ಕಡೆ ಪ್ಲಂಬರ್ ಪದರ ಒಣಗಿದ ಮೇಲೆ ಕೆಳಗಿನ ನಲ್ಲಿಯ ಪೈಪಿಗಾಗಿ ಗೋಡೆ ಕೊಯ್ದು ಬರೀ ಗಾರೆಯಿಂದ ಮುಚ್ಚಿದ್ದರು. ಕೊಯ್ದ ಗೆರೆಯುದ್ದಕ್ಕೂ ಪದರವೇ ಇಲ್ಲ. ಪೈಪಿನ ಕೆಲಸ ಮುಗಿದು ಒತ್ತಡ ಪರೀಕ್ಷೆಯಾದ ಮೇಲೆಯೇ ವಾಟರ್‌ಪ್ರೂಫಿಂಗ್ ಮಾಡಬೇಕು, ಈ ಕ್ರಮ ತಪ್ಪಿದ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಗೋಡೆಯ ಹಳೆಯ ಗಿಲಾವು ಉಪ್ಪು ಹಿಡಿದು ಕೈಗೆ ಉದುರುತ್ತಿದ್ದುದರಿಂದ ಇಟ್ಟಿಗೆ ಕಾಣುವವರೆಗೆ ತೆಗೆದೆ. ನೆಲದಲ್ಲೂ ಗೋಡೆಗೆ ತಾಗಿದ ಒಂದು ಸಾಲು ಟೈಲ್ಸ್ ಎಬ್ಬಿಸಿದೆ. ನೆಲದ ಪದರ ಗಟ್ಟಿಯಾಗಿತ್ತು. ಹೊಸ ಪದರ ಅದರ ಮೇಲೆ ಅರ್ಧ ಅಡಿಯಾದರೂ ಹತ್ತಿ ಕೂರದಿದ್ದರೆ ಜೋಡಣೆಯ ಜಾಗದಲ್ಲೇ ಮತ್ತೆ ಒಸರುತ್ತದೆ. ಫ್ಯಾನ್ ಹಾಕಿ ಇಟ್ಟಿಗೆಯನ್ನು ಒಣಗಲು ಬಿಟ್ಟು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಲ್ಲಿ ಅರ್ಧ ಇಂಚು ಹೊಸ ಗಿಲಾವು ಮಾಡಿ, ಏಳು ದಿನ ನೀರುಣಿಸಿದೆ. ಗೋಡೆಯೂ ನೆಲವೂ ಕೂಡುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ಒಂದು ಇಂಚಿನಷ್ಟು ಗೋಲು ಕೊಟ್ಟೆ. ಚೂಪು ಮೂಲೆಯಲ್ಲಿ ಪದರ ತೆಳುವಾಗಿ ಕೂತು ಮೊದಲು ಅಲ್ಲಿಯೇ ಹರಿಯುತ್ತದೆ.

ಬಳಿದದ್ದು ಸಿಮೆಂಟ್ ಪುಡಿ ಮತ್ತು ಅಕ್ರಿಲಿಕ್ ದ್ರವ ಬೆರೆಸುವ ಎರಡು ಭಾಗದ ವಾಟರ್‌ಪ್ರೂಫಿಂಗ್. ಕೆಲಸಗಾರರಿಗೆ ನಾನು ಒತ್ತಿ ಹೇಳುವುದು ಎರಡು ಮಾತು: ಬಳಿಯಲು ಹಗುರವಾಗಲಿ ಎಂದು ನೀರು ಸೇರಿಸಬೇಡಿ, ಗೋಡೆ ತೇವವಾಗಿರಲಿ, ಹೊಳೆಯುವಷ್ಟು ಒದ್ದೆ ಬೇಡ. ಮೊದಲು ಮೂಲೆಗಳಿಗೂ ಪೈಪಿನ ಬಾಯಿಗಳ ಸುತ್ತಲೂ ಬಳಿದು, ಹಸಿಯಿರುವಾಗಲೇ ಫೈಬರ್ ಜಾಲರಿಯ ಪಟ್ಟಿಯನ್ನು ಒತ್ತಿ ಕೂರಿಸಿದೆ. ಆಮೇಲೆ ಇಡೀ ಗೋಡೆಗೆ, ಷವರಿಗಿಂತ ಮೇಲೆ ಏಳು ಅಡಿಯವರೆಗೆ, ಒಂದು ಕೈ ಅಡ್ಡವಾಗಿ. ಅದು ಬೆರಳಿಗೆ ಅಂಟದಂತಾದ ಮೇಲೆ ಎರಡನೆಯ ಕೈ ಉದ್ದವಾಗಿ. ದಿಕ್ಕು ಬದಲಿಸಿದರೆ ಮೊದಲ ಕೈಯಲ್ಲಿ ಬಿಟ್ಟುಹೋದ ಸೂಜಿತೂತುಗಳು ಮುಚ್ಚುತ್ತವೆ. ಐದು ದಿನ ಒಣಗಿದ ಮೇಲೆ ನೆಲದಲ್ಲಿ ಮತ್ತೆ ಎರಡು ದಿನ ನೀರು ನಿಲ್ಲಿಸಿದೆ, ಈ ಸಲ ಗೋಡೆಯ ಬುಡ ಮುಳುಗುವಂತೆ. ಗೋಡೆಗೂ ಹಾಯಿಸಿದೆ. ಟೈಲ್ಸ್ ಹಚ್ಚುವ ಮುನ್ನ ಈ ಪರೀಕ್ಷೆಯನ್ನು ಬಿಡಲೇಬಾರದು. ಆಮೇಲೆ ತಪ್ಪು ತಿಳಿದರೆ ಮತ್ತೆ ಒಡೆಯಬೇಕಾಗುತ್ತದೆ.

ಟೈಲ್ಸಿಗೆ ಸಿಮೆಂಟ್ ಹಾಲು ಬೇಡವೆಂದು ಪಾಲಿಮರ್ ಬೆರೆತ ಟೈಲ್ ಅಂಟು ತರಿಸಿದೆ. ವಾಟರ್‌ಪ್ರೂಫಿಂಗ್ ಪದರದ ನುಣುಪಿನ ಮೇಲೆ ಬರೀ ಸಿಮೆಂಟ್ ಹಿಡಿಯುವುದಿಲ್ಲ. ಹಲ್ಲಿನ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಗೀರಿ, ಟೈಲಿನ ಬೆನ್ನಿಗೂ ತೆಳುವಾಗಿ ಸವರಿ, ಒತ್ತಿ ಕೂರಿಸಿದೆವು. ಆಗಾಗ ಆಗತಾನೇ ಹಚ್ಚಿದ ಟೈಲೊಂದನ್ನು ಎಳೆದು ಬೆನ್ನು ತಿರುಗಿಸಿ ನೋಡುತ್ತಿದ್ದೆ. ಗೀರುಗಳು ಹಾಗೆಯೇ ಉಳಿದಿದ್ದರೆ ಒತ್ತಿದ್ದು ಸಾಲದು, ಬೆನ್ನು ಪೂರ್ತಿ ಮೆತ್ತಿರಬೇಕು. ಹಳೆಯ ಮಾದರಿ ಅಂಗಡಿಗಳಲ್ಲಿ ಸಿಗಲಿಲ್ಲ, ಮನೆಯ ಅಮ್ಮ ಆ ಒಂದು ಗೋಡೆಗೆ ತಿಳಿಬೂದು ಬಣ್ಣ ಆರಿಸಿದರು.

ಸಂದಿಗೆ ಎಪಾಕ್ಸಿ ಗ್ರೌಟ್. ಅದು ಬೇಗ ಗಟ್ಟಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಕಲಸಿ, ತುಂಬಿದ ಕೂಡಲೇ ಒದ್ದೆ ಸ್ಪಂಜಿನಿಂದ ಟೈಲಿನ ಮೇಲ್ಮೈ ಒರೆಸಬೇಕು. ಒಣಗಿದ ಮೇಲೆ ಆ ಮಬ್ಬು ಹೋಗುವುದು ಬಹಳ ಕಷ್ಟ. ಗೋಡೆ ಗೋಡೆ ಸೇರುವ ಮೂಲೆಯಲ್ಲೂ ಗೋಡೆ ನೆಲ ಸೇರುವ ಗೆರೆಯಲ್ಲೂ ಗ್ರೌಟ್ ತುಂಬಲಿಲ್ಲ. ಅಲ್ಲಿ ಎರಡು ಭಾಗಗಳು ಬೇರೆಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ, ಗಟ್ಟಿ ವಸ್ತು ಬಿರಿಯುತ್ತದೆ. ಬೂಷ್ಟು ಹಿಡಿಯದ ಸಿಲಿಕಾನ್ ಎಳೆದೆ. ಡೈವರ್ಟರಿನ ತಟ್ಟೆಯ ಹಿಂದಿನ ಅಂಚಿಗೂ ಅದನ್ನೇ ಹಾಕಿದೆ. ಟವೆಲ್ ಕಂಬಿಯನ್ನು ಈ ಗೋಡೆಗೆ ಬಡಿಯದೆ ಎದುರು ಗೋಡೆಗೆ ಸಾಗಿಸಿದೆ. ಒಂದು ಡ್ರಿಲ್ ತೂತು ಸಾಕು, ಪದರ ಮತ್ತೆ ಹರಿದಂತೆ.

ಕೋಣೆಯ ಕಡೆ ಬಣ್ಣ ಬಳಿಯಲು ಮೇಷ್ಟ್ರು ಅವಸರಿಸಿದರು, ಮಗಳ ಸೀಮಂತ ಹತ್ತಿರವಿತ್ತು. ನಾನು ಬಿಡಲಿಲ್ಲ. ನೀರು ಬರುವುದು ನಿಂತರೂ ವರ್ಷಗಟ್ಟಲೆ ಕುಡಿದ ಇಟ್ಟಿಗೆ ಒಣಗಲು ತಿಂಗಳುಗಳು ಬೇಕು. ಅದರ ಮೇಲೆ ಉಸಿರುಗಟ್ಟಿಸುವ ಬಣ್ಣ ಬಳಿದರೆ ಒಳಗಿನ ತೇವ ಉಪ್ಪನ್ನು ಹೊತ್ತು ಬಂದು ಅದನ್ನು ಮತ್ತೆ ತಳ್ಳುತ್ತದೆ. ಸಡಿಲ ಗಿಲಾವನ್ನು ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆದು ಹಾಗೆಯೇ ಬಿಡಿಸಿದೆ; ನೀರು ಹಾಕಿ ತೊಳೆದರೆ ಉಪ್ಪು ಕರಗಿ ಒಳಕ್ಕೇ ಹೋಗುತ್ತದೆ. ಸೀಮಂತದ ದಿನ ಆ ಗೋಡೆಗೆ ಸೀರೆಯ ಪರದೆ ಕಟ್ಟಿದರು. ಮಳೆಗಾಲ ಕಳೆದ ಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಟ್ಟು ಬಿಚ್ಚಿದೆವು. ಒಳಮೈಯಲ್ಲಿ ಹನಿಯಿರಲಿಲ್ಲ. ಆ ವಾರವೇ ಪುಟ್ಟಿ ಹಚ್ಚಿಸಿ ಬಣ್ಣ ಬಳಿಸಿದರು.