ಸಂಘದ ಪ್ರಶ್ನಾವಳಿಯನ್ನು ಸರ್ವೆ ಫಾರ್ಮ್ ಆಗಿ ಜೋಡಿಸಿದ ಬಗೆ: ನನ್ನ ಅನುಭವ

ಡೊಂಬಿವಲಿ, ಠಾಣೆ ಕಡೆಯ ಕನ್ನಡ ಸಂಘಗಳು ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸುತ್ತವೆ. ಅಂಥ ತರಗತಿಯೊಂದರ ಬಗ್ಗೆ ಸದಸ್ಯರ ಮನೆಗಳಿಂದ ಅಭಿಪ್ರಾಯ ಪಡೆಯಲು ಕಮಿಟಿಯವರು ಬರೆದಿದ್ದ ಕರಡನ್ನು ನಾನು ಸರ್ವೆ ಫಾರ್ಮಿನ ರೂಪಕ್ಕೆ ತಂದೆ. ಕರಡಿನಲ್ಲಿ ಎಲ್ಲ ಬಗೆಯ ಪ್ರಶ್ನೆಗಳೂ ಬೆರೆತಿದ್ದವು: ಹೌದು/ಇಲ್ಲ, ಅಂಕ ಕೊಡಿ, ಕಾರಣ ಬರೆಯಿರಿ, ಟಿಕ್ ಮಾಡಿ. ಅವುಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ಫಾರ್ಮ್ ಕೆಡುವುದು ಸಾಮಾನ್ಯವಾಗಿ ಇಂಥ ಪ್ರಶ್ನೆಯಲ್ಲೇ.

ಕರಡಿನಲ್ಲಿ ಇದ್ದದ್ದು ಹೀಗೆ: “ನಿಮ್ಮ ಮಕ್ಕಳು ಕನ್ನಡ ತರಗತಿಗೆ ಬರುತ್ತಾರೆಯೇ? ಬರದಿದ್ದರೆ ಏಕೆ? ಬರುತ್ತಿದ್ದರೆ ಪಾಠ ಮತ್ತು ಸಮಯ ತೃಪ್ತಿಕರವೇ?” ಕೆಳಗೆ ಎರಡು ಗೆರೆಯ ಖಾಲಿ ಜಾಗ. ಮಕ್ಕಳೇ ಇಲ್ಲದ ಮನೆಯವರು ಇದಕ್ಕೆ “ಇಲ್ಲ” ಎಂದು ಬರೆಯುತ್ತಾರೆ, ಮಕ್ಕಳಿದ್ದೂ ಕಳಿಸದವರೂ “ಇಲ್ಲ” ಎಂದೇ ಬರೆಯುತ್ತಾರೆ. ಎಣಿಸುವಾಗ ಇಬ್ಬರನ್ನೂ ಬೇರ್ಪಡಿಸಲು ಬರುವುದಿಲ್ಲ. “ಪಾಠ ಚೆನ್ನಾಗಿದೆ, ಸಮಯ ಸರಿಯಿಲ್ಲ” ಎನ್ನುವವರಿಗೆ ಒಂದೇ ಉತ್ತರದಲ್ಲಿ ಅದನ್ನು ಹೇಳಲು ದಾರಿಯಿಲ್ಲ.

ಮೊದಲು ನಂಬರಿಗೆ ಕೈ ಹಾಕಬಾರದು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಎರಡು ಸಂಗತಿ ಬರೆದುಕೊಳ್ಳಬೇಕು: ಇದಕ್ಕೆ ಯಾರು ಉತ್ತರಿಸಬೇಕು, ಉತ್ತರ ಯಾವ ಬಗೆಯದು. ಒಂದೇ ಆಯ್ಕೆಯೋ, ಹಲವು ಆಯ್ಕೆಯೋ, ಸಂಖ್ಯೆಯೋ, ರೇಟಿಂಗೋ, ಬರಹವೋ. ಒಂದು ಪ್ರಶ್ನೆಗೆ ಎರಡು ಬಗೆ ಬಂತೆಂದರೆ ಅದನ್ನು ಒಡೆಯಬೇಕೆಂದೇ ಅರ್ಥ. ಮೇಲಿನದನ್ನು ಒಡೆದಾಗ ಹೀಗಾಯಿತು:

ಪ್ರ. 5. ನಿಮ್ಮ ಮನೆಯಲ್ಲಿ 6ರಿಂದ 16 ವರ್ಷದ ಮಕ್ಕಳಿದ್ದಾರೆಯೇ?
1 ಹೌದು → ಪ್ರ. 6ಕ್ಕೆ ಹೋಗಿ
2 ಇಲ್ಲ → ಪ್ರ. 11ಕ್ಕೆ ಹೋಗಿ

ಪ್ರ. 6. ಅವರಲ್ಲಿ ಯಾರಾದರೂ ಈಗ ಸಂಘದ ಕನ್ನಡ ತರಗತಿಗೆ ಬರುತ್ತಿದ್ದಾರೆಯೇ?
1 ಹೌದು → ಪ್ರ. 7ಕ್ಕೆ ಹೋಗಿ
2 ಮೊದಲು ಬರುತ್ತಿದ್ದರು, ಈಗ ಇಲ್ಲ → ಪ್ರ. 9ಕ್ಕೆ ಹೋಗಿ
3 ಯಾವತ್ತೂ ಬಂದಿಲ್ಲ → ಪ್ರ. 9ಕ್ಕೆ ಹೋಗಿ

ಪ್ರ. 7 ಎಷ್ಟು ಮಕ್ಕಳು ಬರುತ್ತಾರೆ ಎಂಬ ಸಂಖ್ಯೆ. ಪ್ರ. 8 ರೇಟಿಂಗ್ ಕೋಷ್ಟಕ. ಪ್ರ. 9 ಬರದಿರಲು ಕಾರಣಗಳು. ಪ್ರ. 10 ಯಾವ ದಿನ, ಯಾವ ಹೊತ್ತು ಅನುಕೂಲ. ಇದು ಮಕ್ಕಳಿರುವ ಎಲ್ಲ ಮನೆಗಳಿಗೆ. ಪ್ರ. 11ರಿಂದ ಎಲ್ಲರಿಗೂ.

ಇಲ್ಲಿ ಕಣ್ತಪ್ಪುವ ಜಾಗ ಪ್ರ. 6 ಅಲ್ಲ, ಪ್ರ. 8ರ ಕೊನೆ. ಮಕ್ಕಳನ್ನು ಕಳಿಸುತ್ತಿರುವವರು ಕೋಷ್ಟಕ ತುಂಬಿದ ಮೇಲೆ ಪ್ರ. 9ನ್ನು ಬಿಟ್ಟು 10ಕ್ಕೆ ಹೋಗಬೇಕು. ಕೋಷ್ಟಕದ ಕೊನೆಯಲ್ಲಿ “ಈಗ ಪ್ರ. 10ಕ್ಕೆ ಹೋಗಿ” ಎಂಬ ಗೆರೆ ಇರದಿದ್ದರೆ, ಮಗುವನ್ನು ಪ್ರತಿ ವಾರ ಕಳಿಸುವವರೂ “ಏಕೆ ಕಳಿಸುವುದಿಲ್ಲ” ಎಂಬುದಕ್ಕೆ ಏನಾದರೊಂದು ಟಿಕ್ ಮಾಡುತ್ತಾರೆ. ಎರಡು ಕವಲು ಮಾಡಿದಾಗ ಮೊದಲ ಕವಲು ಮುಗಿಯುವಲ್ಲಿ ಇಂಥ ಷರತ್ತಿಲ್ಲದ ಸ್ಕಿಪ್ ಬೇಕೇ ಬೇಕು. ಜತೆಗೆ ಪ್ರ. 9ರ ತಲೆಯ ಮೇಲೆ “ಪ್ರ. 6ರಲ್ಲಿ 2 ಅಥವಾ 3 ಗುರುತಿಸಿದವರಿಗೆ ಮಾತ್ರ” ಎಂದು ದಪ್ಪಕ್ಷರದಲ್ಲಿ ಹಾಕಿದೆ.

ಸ್ಕಿಪ್ ಸೂಚನೆ ಆಯ್ಕೆಯ ಪಕ್ಕದಲ್ಲೇ, ಅದೇ ಸಾಲಿನಲ್ಲಿ ಇರಬೇಕು. “ಇಲ್ಲ ಎಂದಾದರೆ 11ಕ್ಕೆ ಹೋಗಿ” ಎಂದು ಪ್ರಶ್ನೆಯ ಕೆಳಗೆ ಬರೆದರೆ, ಟಿಕ್ ಹಾಕಿದ ಕೈ ಆಗಲೇ ಮುಂದಿನ ಪ್ರಶ್ನೆಗೆ ಹೋಗಿರುತ್ತದೆ. ಮುಂದುವರಿಯುವವರಿಗೂ ಬಾಣ ಕೊಡುವುದು ಲೇಸು. ಕೆಲವರಿಗೆ ಮಾತ್ರ ಬಾಣ ಇದ್ದರೆ ಉಳಿದವರು ಅದು ತಮಗೂ ಇರಬಹುದೆಂದು ಗೊಂದಲಕ್ಕೆ ಬೀಳುತ್ತಾರೆ. ಸ್ಕಿಪ್ ಇರುವ ಪ್ರಶ್ನೆ ಪುಟದ ಕೊನೆಯಲ್ಲಿ ಬರದಂತೆ ನೋಡಿಕೊಂಡೆ. ಹಾಳೆ ತಿರುವಿದ ಮೇಲೆ ಬಾಣ ಮರೆತುಹೋಗುತ್ತದೆ.

ಇನ್ನು ಕೋಷ್ಟಕ. ಕರಡಿನಲ್ಲಿ ಒಂದು ಕಡೆ 10ಕ್ಕೆ ಎಷ್ಟು, ಇನ್ನೊಂದು ಕಡೆ ಉತ್ತಮ–ಮಧ್ಯಮ–ಕಳಪೆ, ಮತ್ತೊಂದು ಕಡೆ “1 ಎಂದರೆ ಅತ್ಯುತ್ತಮ” ಎಂದಿತ್ತು. ದಿಕ್ಕು ಮಧ್ಯದಲ್ಲಿ ತಿರುಗಿದರೆ ಓದುವವರಿಗೆ ಗೊತ್ತಾಗುವುದಿಲ್ಲ; ಆಮೇಲೆ ಸರಾಸರಿ ತೆಗೆದರೆ ಒಳ್ಳೆಯದೂ ಕೆಟ್ಟದ್ದೂ ಕಲಸಿಹೋಗುತ್ತದೆ. ಎಲ್ಲವನ್ನೂ ಒಂದೇ ಐದರ ಸ್ಕೇಲಿಗೆ ತಂದೆ: 1 ಸ್ವಲ್ಪವೂ ತೃಪ್ತಿಯಿಲ್ಲ, 2 ಅಷ್ಟೇನೂ ತೃಪ್ತಿಯಿಲ್ಲ, 3 ಹಾಗೂ ಇಲ್ಲ ಹೀಗೂ ಇಲ್ಲ, 4 ತೃಪ್ತಿಯಿದೆ, 5 ತುಂಬ ತೃಪ್ತಿಯಿದೆ. ಐದಕ್ಕೂ ಮಾತಿನ ಹೆಸರು ಕೊಡುವುದು ಮುಖ್ಯ. ತುದಿಗಳಿಗೆ ಮಾತ್ರ ಕೊಟ್ಟರೆ ನಡುವಿನ 2, 4 ಎಂದರೆ ಏನೆಂದು ಒಬ್ಬೊಬ್ಬರು ಒಂದೊಂದು ರೀತಿ ತಿಳಿಯುತ್ತಾರೆ. “ಗೊತ್ತಿಲ್ಲ” ಎಂಬುದಕ್ಕೆ ಬೇರೆ ಕಾಲಂ, ಕೋಡ್ 9, ನಡುವೆ ದಪ್ಪ ಗೆರೆ. ಅದನ್ನು 3ರ ಜಾಗದಲ್ಲಿ ಕೂರಿಸಬಾರದು, 5ರ ಪಕ್ಕದಲ್ಲಿ 6 ಎಂದೂ ಹಾಕಬಾರದು. ಹಾಕಿದರೆ ಗೊತ್ತಿಲ್ಲದವರೇ ಎಲ್ಲರಿಗಿಂತ ಹೆಚ್ಚು ತೃಪ್ತರಾಗಿ ಕಾಣುತ್ತಾರೆ. ಸರಾಸರಿ ತೆಗೆಯುವಾಗಲೂ 9ನ್ನು ಹೊರಗಿಡಬೇಕು.

ಸಾಲುಗಳು 8ಅದಿಂದ 8ಉವರೆಗೆ ಐದು: ಪಾಠದ ಮಟ್ಟ, ಕಲಿಸುವ ರೀತಿ, ತರಗತಿಯ ಸಮಯ, ಜಾಗ, ಪುಸ್ತಕ. ಪ್ರತಿ ಸಾಲಿನಲ್ಲಿ ಒಂದೇ ವಿಷಯ. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ಹಂತದಲ್ಲಿ ಓದುತ್ತಿದ್ದರೆ ಯಾರ ಬಗ್ಗೆ ಅಂಕ ಕೊಡಬೇಕು? ಅದಕ್ಕೆ ಕೋಷ್ಟಕದ ಮೇಲೆಯೇ “ತರಗತಿಗೆ ಬರುತ್ತಿರುವ ಅತಿ ಕಿರಿಯ ಮಗುವಿನ ಬಗ್ಗೆ ಹೇಳಿ” ಎಂಬ ನಿಯಮ ಬರೆದೆ.

ನಂಬರ್‌ಗಳು ಕೊನೆಗೆ. ವರ್ಡ್‌ನ ಆಟೋ ನಂಬರಿಂಗ್ ಬಳಸಿ ಬಾಣದಲ್ಲಿ “11” ಎಂದು ಕೈಯಿಂದ ಟೈಪ್ ಮಾಡಿದರೆ, ನಡುವೆ ಒಂದು ಪ್ರಶ್ನೆ ಸೇರಿದ ತಕ್ಷಣ ಪ್ರಶ್ನೆ 12 ಆಗುತ್ತದೆ, ಬಾಣ ಮಾತ್ರ 11ನ್ನೇ ತೋರಿಸುತ್ತದೆ. ಬಾಣದ ಸಂಖ್ಯೆಯನ್ನು Cross-reference ಮೂಲಕ ಹಾಕಿ, ಮುದ್ರಣಕ್ಕೆ ಮುಂಚೆ Ctrl+A, ಆಮೇಲೆ F9 ಒತ್ತಿದರೆ ಎಲ್ಲವೂ ಹೊಸದಾಗುತ್ತದೆ.

ಮುಂಬಯಿಯಲ್ಲಿ ಮನೆಯಲ್ಲಿ ಕನ್ನಡವನ್ನೇ ಆಡುವ, ಆದರೆ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರಿಂದ ಕನ್ನಡ ಲಿಪಿ ಬಾರದ ತಂದೆತಾಯಂದಿರು ಇದ್ದಾರೆ. ಅವರಿಗೆ ಅದೇ ಕನ್ನಡವನ್ನು ದೇವನಾಗರಿಯಲ್ಲಿ ಅಚ್ಚು ಹಾಕಿಸಿದೆ. ಎರಡರಲ್ಲೂ ಪ್ರಶ್ನೆಯ ನಂಬರ್, ಕೋಡ್, ಬಾಣ ಒಂದೇ. ಉಪಸಾಲುಗಳೂ ಅದೇ ಕ್ರಮದಲ್ಲಿ. ಹೀಗಿದ್ದರೆ ಎರಡೂ ಒಂದೇ ಶೀಟಿಗೆ ಸೇರುತ್ತವೆ.

ಗೂಗಲ್ ಫಾರ್ಮ್ಸ್‌ನಲ್ಲಿ ಇದನ್ನೇ ಮಾಡಲು ಪ್ರತಿ ಕವಲೂ ಬೇರೆ ಸೆಕ್ಷನ್ ಆಗಬೇಕು. Go to section based on answer ಎಂಬುದು ಒಂದೇ ಆಯ್ಕೆಯ ಪ್ರಶ್ನೆ ಮತ್ತು ಡ್ರಾಪ್‌ಡೌನ್‌ಗೆ ಮಾತ್ರ ಸಿಗುತ್ತದೆ, ಹಲವು ಆಯ್ಕೆಯ ಚೆಕ್‌ಬಾಕ್ಸಿಗೆ ಇಲ್ಲ. ಪ್ರ. 8ರ ಸೆಕ್ಷನ್ ಮುಗಿಯುವಲ್ಲಿಯೂ ಮುಂದಿನ ಸೆಕ್ಷನ್ ಯಾವುದೆಂದು ಬದಲಿಸಬೇಕು. ಇಲ್ಲವಾದರೆ ಅದು ಸುಮ್ಮನೆ ಪ್ರ. 9ಕ್ಕೆ ಹೋಗುತ್ತದೆ.

ಹಂಚುವ ಮೊದಲು ನಾಲ್ಕು ಕಾಲ್ಪನಿಕ ಮನೆಗಳನ್ನು ಹಿಡಿದು ಬೆರಳಿಟ್ಟು ಓದಿದೆ: ಮಕ್ಕಳಿಲ್ಲದ ಮನೆ, ಬರುತ್ತಿರುವ ಮಗು, ಬಿಟ್ಟ ಮಗು, ಬಾರದ ಮಗು. ಕ್ರಮವಾಗಿ 5–11, 5–6–7–8–10–11, 5–6–9–10–11, ನಾಲ್ಕನೆಯದೂ ಹಾಗೆಯೇ ಬರಬೇಕು. ಕಾಗದದ ಉತ್ತರಗಳನ್ನು ಶೀಟಿಗೆ ಏರಿಸಿದ ಮೇಲೆ ಇನ್ನೊಂದು ಪರೀಕ್ಷೆ. ಪ್ರ. 6 F ಕಾಲಂ, 8ಅ H ಕಾಲಂ ಎಂದಿಟ್ಟುಕೊಂಡರೆ:

```
=COUNTIFS(F2:F400,1,H2:H400,"")
=COUNTIFS(F2:F400,"<>1",H2:H400,"<>")
```

ಮೊದಲನೆಯದು ಉತ್ತರಿಸಬೇಕಾಗಿದ್ದೂ ಬಿಟ್ಟವರು, ಎರಡನೆಯದು ಬಿಡಬೇಕಾಗಿದ್ದೂ ತುಂಬಿದವರು. ಎರಡನೆಯ ಗುಂಪಿನ ಅಂಕಗಳನ್ನು ಮೂಲ ಶೀಟಿನಲ್ಲಿ ಅಳಿಸದೆ, ಲೆಕ್ಕಕ್ಕೆ ಮಾತ್ರ ಬಿಡಬೇಕು. ಹತ್ತಿಪ್ಪತ್ತು ಫಾರ್ಮ್ ಪ್ರಾಯೋಗಿಕವಾಗಿ ತುಂಬಿಸಿದಾಗಲೇ ಈ ಸಂಖ್ಯೆ ಎದ್ದು ಕಂಡರೆ ತುಂಬಿದವರನ್ನು ದೂರುವುದರಲ್ಲಿ ಅರ್ಥವಿಲ್ಲ, ಪ್ರ. 6ರ ಬಾಣ ಆಯ್ಕೆಯಿಂದ ದೂರವಾಗಿದೆಯೇ, ಹಾಳೆಯ ತಳಕ್ಕೆ ಜಾರಿದೆಯೇ ಎಂದು ಮೊದಲು ನೋಡಬೇಕು.