ಗ್ಯಾಸು, ಉಷ್ಣ, ನಿಶ್ಶಕ್ತಿ: ಪರದೇಶದ ಡಾಕ್ಟರಿಗೆ ಹೇಳುವುದು ಹೇಗೆ?

ಮಕ್ಕಳ ಮನೆಗೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದ ಅಪ್ಪ-ಅಮ್ಮನಿಗೆ ಹುಷಾರು ತಪ್ಪಿದರೆ, ಡಾಕ್ಟರ ಎದುರು ಅವರ ಪರವಾಗಿ ಮಾತಾಡುವವರು ಮಗ, ಮಗಳು ಅಥವಾ ಸೊಸೆ. ಹಿರಿಯರು ‘ಗ್ಯಾಸ್ ಆಗಿದೆ’ ಎಂದಾಗ ಅದರಲ್ಲಿ ದೇಹಕ್ಕೆ ಆಗುತ್ತಿರುವುದೂ ಇರುತ್ತದೆ, ಅದು ಯಾಕೆ ಆಗುತ್ತಿದೆ ಎಂಬ ಅವರ ಊಹೆಯೂ ಇರುತ್ತದೆ. ಡಾಕ್ಟರಿಗೆ ಮೊದಲು ಮುಟ್ಟಿಸಬೇಕಾದ್ದು ಆಗುತ್ತಿರುವುದನ್ನು.

ಆದ್ದರಿಂದ ಮನೆಯಲ್ಲೇ ಕೂತು ಕೇಳಿ, ಬರೆದುಕೊಳ್ಳಿ. ‘ಎಲ್ಲಿ ಅಂತ ಕೈಯಿಟ್ಟು ತೋರಿಸಮ್ಮ. ಯಾವತ್ತಿಂದ? ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತೆ? ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಮ್ಮಿ? ಜೊತೆಗೆ ಇನ್ನೇನಾಗುತ್ತೆ?’ ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ‘ಎದೆ ಉರಿ ತಾನೆ?’ ಎಂದರೆ ಹೆಚ್ಚಿನವರು ಹೂಂ ಅಂದುಬಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಗ್ಯಾಸ್ ಟ್ರಬಲ್ ವಿಷಯದಲ್ಲಿ. ಇಂಗ್ಲಿಷಿನಲ್ಲಿ ಬರೀ ‘ಗ್ಯಾಸ್’ ಎಂದರೆ ಡಾಕ್ಟರಿಗೆ ಕೇಳಿಸುವುದು ಹೊಟ್ಟೆಯ ಗಾಳಿ, ಅಂದರೆ ಹೂಸು. ನಮ್ಮವರು ಅದೇ ಹೆಸರಿನಲ್ಲಿ ಹೊಟ್ಟೆ ಉಬ್ಬರ, ಹುಳಿತೇಗು, ಎದೆ ಉರಿ, ಬೆನ್ನು ಹಿಡಿತ ಎಲ್ಲವನ್ನೂ ಹೇಳುತ್ತಾರೆ. ಉಬ್ಬರಕ್ಕೆ ‘ಬ್ಲೋಟಿಂಗ್’, ತೇಗಿಗೆ ‘ಬೆಲ್ಚಿಂಗ್’, ಎದೆ ಉರಿಗೆ ‘ಹಾರ್ಟ್‌ಬರ್ನ್’ ಎನ್ನಿ.

ಒಂದು ಉದಾಹರಣೆ ನೋಡೋಣ. ಸಕ್ಕರೆ ಕಾಯಿಲೆ ಇರುವ 64 ವರ್ಷದ ತಾಯಿ ‘ಎರಡು ದಿನದಿಂದ ಗ್ಯಾಸು, ಎದೆಗೆ ಹತ್ತಿಕೊಂಡಿದೆ’ ಅನ್ನುತ್ತಾರೆ. ಕೈಯಿಟ್ಟು ತೋರಿಸಿ ಅಂದರೆ ಎದೆಯ ನಡುವೆ ಅಂಗೈ ಊರುತ್ತಾರೆ. ಮೆಟ್ಟಿಲು ಹತ್ತಿದರೆ ಬರುತ್ತದೆ, ಕೂತರೆ ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಜೊತೆಗೆ ಬೆವರು. ಊಟಕ್ಕೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ಇದನ್ನು ಹೀಗೆ ಹೇಳಬೇಕು: ‘ಪ್ರೆಶರ್ ಇನ್ ದ ಮಿಡ್ಲ್ ಆಫ್ ದ ಚೆಸ್ಟ್, ಟೂ ಡೇಸ್. ಕಮ್ಸ್ ಆನ್ ಕ್ಲೈಂಬಿಂಗ್ ಸ್ಟೇರ್ಸ್, ಗೋಸ್ ವಿತ್ ರೆಸ್ಟ್ ಇನ್ ಟೆನ್ ಮಿನಿಟ್ಸ್. ಸ್ವೆಟಿಂಗ್ ವಿತ್ ಇಟ್. ಶಿ ಇಸ್ ಡಯಾಬಿಟಿಕ್.’ ಇದು ಹೃದಯದ ತೊಂದರೆ ಇರಬಹುದು. ಇಷ್ಟು ಹೊರಬಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಮೆರಿಕದಲ್ಲಿ 911, ಇಂಗ್ಲೆಂಡಿನಲ್ಲಿ 999ಕ್ಕೆ ಕರೆ ಮಾಡಿ.

ಇಲ್ಲೇ ಇನ್ನೊಂದು ಎಡವಟ್ಟು ಆಗುತ್ತದೆ. ಡಾಕ್ಟರು ‘ಚೆಸ್ಟ್ ಪೇನ್’ ಇದೆಯೇ ಎಂದು ಕೇಳುತ್ತಾರೆ, ನೀವು ಅಮ್ಮನಿಗೆ ‘ಎದೆನೋವಿದೆಯಾ?’ ಎನ್ನುತ್ತೀರಿ. ಅವರು ‘ನೋವಿಲ್ಲಪ್ಪ, ಹಿಡ್ಕೊಂಡಂಗೆ ಅಷ್ಟೆ’ ಎನ್ನುತ್ತಾರೆ. ನೀವು ‘ನೋ’ ಎಂದುಬಿಟ್ಟರೆ ಕಡತದಲ್ಲಿ ಎದೆನೋವು ಇಲ್ಲವೆಂದೇ ದಾಖಲಾಗುತ್ತದೆ. ಡಾಕ್ಟರ ಪ್ರಶ್ನೆಯಲ್ಲಿ ಬಿಗಿತ, ಭಾರ, ಒತ್ತಡ ಎಲ್ಲವೂ ಸೇರಿವೆ. ಅದಕ್ಕೇ ‘ನಾಟ್ ಪೇನ್, ಬಟ್ ಟೈಟ್‌ನೆಸ್’ ಎಂದು ಪೂರ್ತಿ ಹೇಳಿ. ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ನೋವೇ ಇಲ್ಲದೆಯೂ ಬರುವುದುಂಟು.

‘ಉಷ್ಣ’ವನ್ನು ‘ಬಾಡಿ ಹೀಟ್’ ಎಂದರೆ ಡಾಕ್ಟರು ಜ್ವರವೆಂದುಕೊಂಡು ಥರ್ಮಾಮೀಟರ್ ಇಡುತ್ತಾರೆ, ಮಾಮೂಲಿ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲೇ ಅಳೆದು ಅಂಕಿ ಹೇಳಿ, 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಅಥವಾ ಅದಕ್ಕೂ ಮೇಲಿದ್ದರೆ ಅದು ಜ್ವರ. ಜ್ವರ ಇಲ್ಲದಿದ್ದರೆ ಉಷ್ಣ ಎಲ್ಲಿ ಕಾಣಿಸುತ್ತಿದೆ ಎಂದು ಕೇಳಿ. ಉರಿಮೂತ್ರವಾದರೆ ‘ಬರ್ನಿಂಗ್ ವೆನ್ ಪಾಸಿಂಗ್ ಯೂರಿನ್’, ಬಾಯಿಹುಣ್ಣಾದರೆ ‘ಮೌತ್ ಅಲ್ಸರ್ಸ್’, ಅಂಗಾಲು ಉರಿಯಾದರೆ ‘ಬರ್ನಿಂಗ್ ಇನ್ ದ ಸೋಲ್ಸ್’. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದಾದರೆ ‘ಹಾಟ್ ಫ್ಲ್ಯಾಶಸ್’.

ಬಿಳಿಸೆರಗನ್ನೂ ಎಷ್ಟೋ ಹೆಂಗಸರು ಉಷ್ಣ ಅಥವಾ ನಿಶ್ಶಕ್ತಿ ಎಂದೇ ಹೇಳುತ್ತಾರೆ, ಮಗನ ಎದುರು ಬಾಯಿ ಬಿಡುವುದಿಲ್ಲ. ಮಾತು ಅತ್ತ ಹೊರಳುತ್ತಿದೆ ಅನ್ನಿಸಿದರೆ ನೀವು ಹೊರಗೆ ಹೋಗಿ, ಫೋನಿನ ಮೇಲಾದರೂ ಕನ್ನಡ ಬಲ್ಲ ಮಹಿಳಾ ದುಭಾಷಿ ಸಿಗುತ್ತಾರೆಯೇ ಕೇಳಿ. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು.

‘ನಿಶ್ಶಕ್ತಿ’ಯನ್ನು ‘ವೀಕ್‌ನೆಸ್’ ಎಂದರೆ ಡಾಕ್ಟರ ಯೋಚನೆ ನರ-ಸ್ನಾಯುಗಳ ಕಡೆ ಹೋಗುತ್ತದೆ. ‘ತುಂಬಿದ ಚೊಂಬು ಎತ್ತೋಕೇ ಆಗಲ್ವಾ, ಎತ್ತಬಹುದು ಆದರೆ ಸುಸ್ತಾಗುತ್ತಾ?’ ಎಂದು ಕೇಳಿ. ಎತ್ತಲಾಗದಿದ್ದರೆ ಮಾತ್ರ ‘ವೀಕ್‌ನೆಸ್’, ಯಾವ ಕೈ ಎಂಬುದನ್ನೂ ಹೇಳಿ. ಒಂದೇ ಪಕ್ಕಕ್ಕೆ ದಿಢೀರನೆ ಬಂದಿದ್ದರೆ ಅದೂ ತುರ್ತು ಕರೆಯ ವಿಷಯ. ಸುಸ್ತಾಗುವುದಾದರೆ ‘ಫಟೀಗ್’. ನಡೆದರೆ ಏದುಸಿರು ಬರುವುದನ್ನೂ ಸುಸ್ತು ಅನ್ನುವವರಿದ್ದಾರೆ. ಅದು ‘ಶಾರ್ಟ್‌ನೆಸ್ ಆಫ್ ಬ್ರೆತ್’. ಮೊದಲು ಎರಡು ಮಹಡಿ ಹತ್ತುತ್ತಿದ್ದವರು ಈಗ ಒಂದಕ್ಕೇ ನಿಲ್ಲುತ್ತಾರೆ ಎಂದರೆ ಡಾಕ್ಟರಿಗೆ ತೊಂದರೆಯ ಅಳತೆ ಸಿಗುತ್ತದೆ.

ಊರಿಂದ ತಂದ ಮಾತ್ರೆಗಳ ಸ್ಟ್ರಿಪ್ಪನ್ನೇ ಜೊತೆಗೆ ಒಯ್ಯಿರಿ. ಕಂಪನಿ ಇಟ್ಟ ಹೆಸರು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಅದರ ಜೊತೆಗೆ ಅಚ್ಚಾಗಿರುವ ಔಷಧದ ಹೆಸರನ್ನೂ ಮಿಲಿಗ್ರಾಂ ಅಂಕಿಯನ್ನೂ ಓದಿ ಹೇಳಿ. ನಮ್ಮ ಪ್ಯಾರಾಸಿಟಮಾಲ್‌ಗೆ ಅಮೆರಿಕದಲ್ಲಿ ಅಸಿಟಾಮಿನೋಫೆನ್ ಎನ್ನುತ್ತಾರೆ. ಇದು ತಿಳಿಯದೆ ಎರಡನ್ನೂ ಒಟ್ಟಿಗೆ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಪೆಟ್ಟು ಬೀಳಬಹುದು.