ತಾಳೆ ಪಟ್ಟಿ ಹೊಂದದಿದ್ದಾಗ ಸಸ್ಪೆನ್ಸ್ ಖಾತೆ

ಹಾರ್ಡ್‌ವೇರ್ ಅಂಗಡಿಯೊಂದರ ಮಾರ್ಚ್ 31ರ ತಾಳೆ ಪಟ್ಟಿ ಎಂದುಕೊಳ್ಳಿ. ಎಲ್ಲ ಖಾತೆಗಳ ಶಿಲ್ಕುಗಳನ್ನು ಡೆಬಿಟ್, ಕ್ರೆಡಿಟ್ ಎಂದು ಎರಡು ಬದಿಯಲ್ಲಿ ಬರೆಯುವ ಈ ಪಟ್ಟಿಯಲ್ಲಿ ಎರಡೂ ಮೊತ್ತ ಸಮವಾಗಿರಬೇಕು. ಡೆಬಿಟ್ ಮೊತ್ತ 8,46,300 ರೂಪಾಯಿ, ಕ್ರೆಡಿಟ್ ಮೊತ್ತ 8,43,600. ವ್ಯತ್ಯಾಸ 2,700.

ಮೊದಲು ಎರಡೂ ಕಡೆ ಮತ್ತೊಮ್ಮೆ ಕೂಡಿ, ಪ್ರತಿ ಖಾತೆಯ ಶಿಲ್ಕು ಪಟ್ಟಿಗೆ ಸರಿಯಾದ ಬದಿಯಲ್ಲೇ ಬಂದಿದೆಯೇ ನೋಡಿ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 4,700 ಬರೆಯುವ ಕಡೆ 7,400 ಬರೆದರೆ ಇದೇ 2,700 ಬರುತ್ತದೆ. ವ್ಯತ್ಯಾಸದ ಅರ್ಧದಷ್ಟು ಮೊತ್ತ, ಅಂದರೆ 1,350, ತಪ್ಪು ಬದಿಯಲ್ಲಿ ಕುಳಿತಿದೆಯೇ ಎಂದೂ ಹುಡುಕಿ. ನಮ್ಮ ಅಂಗಡಿಯ ಲೆಕ್ಕದಲ್ಲಿ ಇವೆರಡೂ ಸಿಗಲಿಲ್ಲ. ಈ ಸುಳಿವುಗಳು ಕೆಲಸಕ್ಕೆ ಬರುವುದು ತಪ್ಪು ಒಂದೇ ಇದ್ದಾಗ ಮಾತ್ರ.

ವಾರ್ಷಿಕ ಲೆಕ್ಕಪತ್ರ ಕಾಯುವಂತಿಲ್ಲ. ಆದ್ದರಿಂದ ಕಡಿಮೆ ಬಿದ್ದ ಬದಿಯಲ್ಲಿ, ಇಲ್ಲಿ ಕ್ರೆಡಿಟ್ ಬದಿಯಲ್ಲಿ, ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸಸ್ಪೆನ್ಸ್ ಖಾತೆ ತೆರೆದು 2,700 ಬರೆಯಿರಿ. ಪಟ್ಟಿ ಹೊಂದುತ್ತದೆ. ತಪ್ಪು ಸಿಗುವ ಮೊದಲೇ ಆಸ್ತಿ-ಹೊಣೆ ಪಟ್ಟಿ ತಯಾರಿಸಬೇಕಾಗಿ ಬಂದರೆ ಕ್ರೆಡಿಟ್ ಶಿಲ್ಕು ಹೊಣೆಗಳ ಕಡೆಗೂ, ಡೆಬಿಟ್ ಶಿಲ್ಕು ಆಸ್ತಿಗಳ ಕಡೆಗೂ ಹೋಗುತ್ತದೆ. ಈ ಮೊತ್ತವನ್ನು ಇತರ ಖರ್ಚು ಅಥವಾ ಇತರ ಆದಾಯಕ್ಕೆ ಸೇರಿಸಿ ಮುಗಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲಾಭವೇ ತಪ್ಪಾಗುತ್ತದೆ, ತಪ್ಪಿನ ಜಾಡೂ ಅಳಿಸಿಹೋಗುತ್ತದೆ.

ಏಪ್ರಿಲ್‌ನಲ್ಲಿ ನಗದು ಪುಸ್ತಕವನ್ನು ಖಾತೆಗಳೊಂದಿಗೆ ಹೋಲಿಸುವಾಗ ಮೊದಲ ತಪ್ಪು ಸಿಕ್ಕಿತು. ಗ್ರಾಹಕರಿಗೆ ಕೊಟ್ಟ ರಿಯಾಯಿತಿಯನ್ನು ಅವರವರ ಖಾತೆಗೆ ಕ್ರೆಡಿಟ್ ಮಾಡಲಾಗಿತ್ತು. ಆದರೆ ರಿಯಾಯಿತಿ ಅಂಕಣದ ತಿಂಗಳ ಮೊತ್ತ 800 ರೂಪಾಯಿಯನ್ನು ರಿಯಾಯಿತಿ ಖಾತೆಗೆ ಏರಿಸಿರಲೇ ಇಲ್ಲ. ತಿದ್ದುಪಡಿಯ ಜರ್ನಲ್ ನಮೂದು: ರಿಯಾಯಿತಿ ಖಾತೆ ಡೆಬಿಟ್ 800, ಸಸ್ಪೆನ್ಸ್ ಖಾತೆ ಕ್ರೆಡಿಟ್ 800.

ಈಗ ಸಸ್ಪೆನ್ಸ್ ಶಿಲ್ಕು ಇಳಿಯುವ ಬದಲು 3,500ಕ್ಕೆ ಏರಿತು. ಇಲ್ಲಿ ಹಲವರು ಗಾಬರಿಯಾಗಿ ಸರಿಯಾದ ತಿದ್ದುಪಡಿಯನ್ನೇ ಹಿಂತೆಗೆದುಕೊಳ್ಳುತ್ತಾರೆ. ಏರಿಕೆಯ ಅರ್ಥ ಬೇರೆ: ಎದುರು ದಿಕ್ಕಿನಲ್ಲಿ ಇನ್ನೂ ದೊಡ್ಡ ತಪ್ಪಿದೆ, ಈ 800 ಅದರ ಒಂದು ಭಾಗವನ್ನು ಮರೆಮಾಡಿತ್ತು. ಹಳೆಯ ಸುಳಿವು ಈಗ ಫಲ ಕೊಡುತ್ತದೆ. 3,500ರ ಅರ್ಧ 1,750. ಒಬ್ಬ ಗುತ್ತಿಗೆದಾರರಿಂದ ಬಂದ 1,750 ರೂಪಾಯಿಯನ್ನು ಅವರ ಖಾತೆಗೆ ಕ್ರೆಡಿಟ್ ಮಾಡುವ ಬದಲು ಡೆಬಿಟ್ ಮಾಡಲಾಗಿತ್ತು.

ಇದನ್ನು ತಿದ್ದುವಾಗ ದುಪ್ಪಟ್ಟು ಮೊತ್ತ ಬೇಕು: ತಪ್ಪು ಡೆಬಿಟ್ ರದ್ದಾಗಲು 1,750, ಬರಬೇಕಿದ್ದ ಕ್ರೆಡಿಟ್‌ಗೆ ಇನ್ನೊಂದು 1,750. ಸಸ್ಪೆನ್ಸ್ ಖಾತೆ ಡೆಬಿಟ್ 3,500, ಗುತ್ತಿಗೆದಾರರ ಖಾತೆ ಕ್ರೆಡಿಟ್ 3,500. ಸಸ್ಪೆನ್ಸ್ ಖಾತೆಯಲ್ಲಿ ಕ್ರೆಡಿಟ್ 2,700 ಮತ್ತು 800, ಡೆಬಿಟ್ 3,500. ಶಿಲ್ಕು ಸೊನ್ನೆ, ಖಾತೆ ಮುಕ್ತಾಯ.

ಒಂದು ಬದಿಯನ್ನಷ್ಟೇ ಕೆಡಿಸಿದ ತಪ್ಪುಗಳು ಮಾತ್ರ ಈ ಖಾತೆಯ ಮೂಲಕ ಸರಿಹೋಗುತ್ತವೆ. ಯಂತ್ರದ ರಿಪೇರಿ ಖರ್ಚನ್ನು ಯಂತ್ರದ ಖಾತೆಗೇ ಬರೆದಿದ್ದರೆ ಎರಡೂ ಬದಿ ಸಮವಾಗಿರುತ್ತವೆ, ತಾಳೆ ಪಟ್ಟಿ ಅದನ್ನು ತೋರಿಸುವುದಿಲ್ಲ. ಅದಕ್ಕೆ ರಿಪೇರಿ ಖಾತೆಯನ್ನು ಡೆಬಿಟ್ ಮಾಡಿ ಯಂತ್ರದ ಖಾತೆಯನ್ನು ನೇರವಾಗಿ ಕ್ರೆಡಿಟ್ ಮಾಡಬೇಕು. ಸಸ್ಪೆನ್ಸ್ ಖಾತೆಯನ್ನು ಮುಟ್ಟುವಂತಿಲ್ಲ.